ಶಂಕೆ ಹುಟ್ಟಿಸುವ ಫೋಟೊದಲ್ಲಿ ಸೇರಿಸಿದ್ದು ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಸ್ಟುಡಿಯೊಗಳಲ್ಲಿ ಬಹಳ ವರ್ಷ ಮದುವೆಯ ಆಲ್ಬಂಗಳ ಫೋಟೊ ತಿದ್ದುವ ಕೆಲಸ ಮಾಡಿದ್ದೇನೆ. ಕಲ್ಯಾಣ ಮಂಟಪದ ಗೋಡೆಯ ಮೇಲಿನ ವೈರು ಅಳಿಸುವುದು, ಊರಿಗೆ ಬರಲಾಗದ ಅಣ್ಣನನ್ನು ಗುಂಪಿನ ಫೋಟೊದಲ್ಲಿ ನಿಲ್ಲಿಸುವುದು, ಖಾಲಿ ಕುರ್ಚಿಗಳ ಜಾಗದಲ್ಲಿ ಜನರನ್ನು ತುಂಬುವುದು ನನ್ನ ದಿನದ ಕೆಲಸವಾಗಿತ್ತು. ಆದ್ದರಿಂದ ಫೋಟೊವೊಂದು ಎಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಬಲ್ಲೆ. ಮೊಬೈಲಿಗೆ ಬಂದ ಫೋಟೊ ತೋರಿಸಿ ಜನರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಉದ್ದಕ್ಕೂ ಒಂದೇ ಫೋಟೊವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಯಾವುದು ಆ ಫೋಟೊ?

ಹಾವೇರಿ ಜಿಲ್ಲೆಯಲ್ಲಿ ಒಣಬೇಸಾಯ ಮಾಡುವ ನಮ್ಮ ಕಾಕಾ ಒಂದು ಫೆಬ್ರುವರಿ ರಾತ್ರಿ ಕಳುಹಿಸಿದ್ದು. ಬ್ಯಾಡಗಿ ಮಾರುಕಟ್ಟೆಯದು ಎಂದು ಹೇಳಲಾದ ಪ್ರಾಂಗಣ, ಕಣ್ಣು ಹಾಯಿಸಿದಷ್ಟು ದೂರ ಮೆಣಸಿನಕಾಯಿ ಚೀಲಗಳು, ಬಲಕ್ಕೆ ಚೀಲ ಹೇರಿಕೊಂಡು ನಿಂತ ಲಾರಿ. ಕೆಳಗೆ, "ಇಂದಿನ ಆವಕ ನೋಡಿ, ನಾಳೆ ದರ ನೆಲ ಕಚ್ಚುತ್ತದೆ" ಎಂಬ ಸಾಲು. ಅದೇ ವಾರ ಊರಿಗೆ ಬಂದಿದ್ದ ವ್ಯಾಪಾರಿಯೊಬ್ಬ ಹೊಲದಲ್ಲಿಯೇ ಕಡಿಮೆ ದರಕ್ಕೆ ಕೇಳುತ್ತಿದ್ದ. "ತಮ್ಮಾ, ಇದು ಖರೆಯೇ? ಬೆಳಗಾಗುವುದರೊಳಗೆ ಅವನಿಗೆ ಹೌದು ಅಥವಾ ಇಲ್ಲ ಅನ್ನಬೇಕು" ಎಂದು ಕಾಕಾ ಕೇಳಿದ್ದರು.

ನೋಡಿದ ಕೂಡಲೇ ಗೊತ್ತಾಗುವುದಿಲ್ಲವೇ?

ಇಲ್ಲ. ಇಷ್ಟು ವರ್ಷ ತಿದ್ದಿದ ನನಗೂ ಗೊತ್ತಾಗುವುದಿಲ್ಲ. ನೆರಳು, ಬೆಳಕು, ಪ್ರತಿಬಿಂಬಗಳ ವಿಷಯದಲ್ಲಿ ಮನುಷ್ಯನ ಕಣ್ಣು ಬಹಳ ಉದಾರಿ. ಹ್ಯಾನಿ ಫರೀದ್ ಮತ್ತು ಮೇರಿ ಬ್ರಾವೊ ಎಂಬ ಸಂಶೋಧಕರು 2010ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಒಂದೇ ದೃಶ್ಯದಲ್ಲಿ ಎರಡು ನೆರಳುಗಳು ಒಂದಕ್ಕೊಂದು ಹೊಂದದಿದ್ದರೂ ನೋಡುವವರಿಗೆ ಅದು ಸುಲಭವಾಗಿ ಕಾಣುವುದಿಲ್ಲ. ಹಾಗೆಯೇ, ಅಸಲಿ ಫೋಟೊದ ನೆರಳನ್ನು ನೋಡಿ "ಇದು ಸರಿಯಿಲ್ಲ" ಎಂದು ಹಟ ಹಿಡಿಯುವವರೂ ಇದ್ದಾರೆ. ಹೀಗಾಗಿ ಮನಸ್ಸಿಗೆ ಬಂದ ಶಂಕೆಯನ್ನು ಹುಡುಕಾಟದ ಆರಂಭವಾಗಿ ಮಾತ್ರ ಇಟ್ಟುಕೊಳ್ಳಿ. ತೀರ್ಪು ಹೇಳಲು ಅಳತೆ ಬೇಕು.

ಮೊದಲು ಏನು ಮಾಡಬೇಕು?

ಸಾಧ್ಯವಾದಷ್ಟು ಮೂಲಕ್ಕೆ ಹತ್ತಿರವಿರುವ ಪ್ರತಿಯನ್ನು ಹಿಡಿಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳುಹಿಸಿದ್ದು ಕುಗ್ಗುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ, ಯಾವ ಕ್ಯಾಮೆರಾ, ಯಾವ ಹೊತ್ತು ಎಂಬ ಮಾಹಿತಿಯೂ ಅಳಿಸಿಹೋಗುತ್ತದೆ. ಕಳುಹಿಸಿದವರ ಬಳಿ ಅದೇ ಕಡತವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಲು ಕೇಳಿ. ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿದರೆ ಅದರಿಂದ ನಷ್ಟವೇ ಹೊರತು ಪ್ರಯೋಜನವಿಲ್ಲ.

ಜೊತೆಗೆ ಗೂಗಲ್ ಲೆನ್ಸ್ ಅಥವಾ ಟಿನ್‌ಐಯಲ್ಲಿ ಒಮ್ಮೆ ಹುಡುಕಿ. ತಿದ್ದುವ ಮೊದಲಿನ ಫೋಟೊ ಸಿಕ್ಕಿಬಿಟ್ಟರೆ ಮುಂದಿನ ಶ್ರಮವೆಲ್ಲ ಉಳಿಯುತ್ತದೆ. ಕಾಕಾ ಕಳುಹಿಸಿದ ಫೋಟೊಕ್ಕೆ ಏನೂ ಸಿಗಲಿಲ್ಲ. ಮೂಲವನ್ನು ಕೇಳುತ್ತ ಹೋದಾಗ ಮೂರನೆಯವರ ಬಳಿ ಎಳೆ ಕಡಿಯಿತು. ಕೈಯಲ್ಲಿ ಉಳಿದದ್ದು 1600 ಅಗಲ, 1200 ಎತ್ತರದ ಪ್ರತಿಯೊಂದೇ.

ಒಂದೇ ವಸ್ತುವನ್ನು ಎರಡು ಕಡೆ ಅಂಟಿಸಿದ್ದನ್ನು ಕಂಡುಹಿಡಿಯುವುದು ಹೇಗೆ?

ಮೊದಲು ತಿದ್ದುವವನ ಕಷ್ಟವನ್ನು ತಿಳಿದುಕೊಳ್ಳಿ. ಚೀಲಗಳ ರಾಶಿಯನ್ನು ಹಿಗ್ಗಿಸಬೇಕೆಂದರೆ ಅವನಿಗೆ ಅದೇ ಬಣ್ಣದ, ಅದೇ ಬಿಸಿಲಿನ, ಅಷ್ಟೇ ದೂಳಿನ ಇನ್ನಷ್ಟು ಚೀಲಗಳು ಬೇಕು. ಬೇರೆ ಫೋಟೊದಿಂದ ತಂದರೆ ಬಣ್ಣ ಹೊಂದುವುದಿಲ್ಲ. ಹೊಂದುವಂಥದ್ದು ಇರುವುದು ಅದೇ ಫೋಟೊದಲ್ಲಿ. ಆದ್ದರಿಂದ ಪಕ್ಕದ ತುಂಡನ್ನೇ ಕ್ಲೋನ್ ಸ್ಟ್ಯಾಂಪ್‌ನಿಂದ ಎತ್ತಿ ಇನ್ನೊಂದು ಕಡೆ ಒತ್ತುತ್ತಾನೆ. ನಾನೂ ಕುರ್ಚಿಗಳಲ್ಲಿ ಜನರನ್ನು ತುಂಬಿದ್ದು ಹೀಗೆಯೇ. ಬೆಳಕು, ಬಣ್ಣ ಎಲ್ಲವೂ ತಾನಾಗಿಯೇ ಹೊಂದುವುದರಿಂದ ಕಣ್ಣು ಸುಮ್ಮನಾಗಿಬಿಡುತ್ತದೆ.

ಆದರೆ ತುಂಡಿನ ಜೊತೆಗೆ ಅದರ ಆಕಸ್ಮಿಕಗಳೂ ಬರುತ್ತವೆ. ಹುಡುಕಬೇಕಾದದ್ದು ಅವನ್ನು. ಚೀಲದ ಆಕಾರವನ್ನು ನೋಡಬೇಡಿ, ಎಲ್ಲ ಚೀಲಗಳ ಆಕಾರವೂ ಒಂದೇ. ಹರಿದ ಮೂಲೆ, ಹೊಲಿಗೆಯಿಂದ ಇಣುಕಿದ ದಾರ, ಮಸಿ ಕದಡಿದ ಅಕ್ಷರ, ಕೆಳಗೆ ಬಿದ್ದ ಒಂಟಿ ಕಾಯಿ ಇಂಥವನ್ನು ನೋಡಿ. ಫೋಟೊವನ್ನು ಪರದೆಯ ಮೇಲೆ 200 ಪ್ರತಿಶತ ಹಿಗ್ಗಿಸಿ, ಎಡದ ಮೇಲ್ತುದಿಯಿಂದ ಆರಂಭಿಸಿ, ಹೊಲದಲ್ಲಿ ಸಾಲು ಹಿಡಿದು ಕಳೆ ತೆಗೆಯುವ ಹಾಗೆ ಪಟ್ಟಿ ಪಟ್ಟಿಯಾಗಿ ಸಾಗಬೇಕು. ನಾನು ಹೀಗೆ ಸಾಗುವಾಗ ಹರಿದ ಮೂಲೆಯ ಚೀಲವೊಂದು ಸಿಕ್ಕಿತು. ಸ್ವಲ್ಪ ಬಲಕ್ಕೆ ಹೋದರೆ ಅಷ್ಟೇ ಹರಿದ, ಅಷ್ಟೇ ಕಾಯಿ ಹೊರಚಾಚಿದ ಇನ್ನೊಂದು ಚೀಲ.

ಎರಡು ಚೀಲ ಒಂದೇ ರೀತಿ ಹರಿದಿರಬಾರದೇ?

ಹರಿದಿರಬಹುದು. ಇದೇ ಸರಿಯಾದ ಪ್ರಶ್ನೆ, ಮತ್ತು ಇದಕ್ಕೆ ಉತ್ತರ ಅಳತೆಯಲ್ಲಿದೆ.

ಫೋಟೊದ ಯಾವುದೇ ಬಿಂದುವಿಗೆ ಎರಡು ಸಂಖ್ಯೆಗಳಿರುತ್ತವೆ. ಎಡ ಅಂಚಿನಿಂದ ಎಷ್ಟು ಪಿಕ್ಸೆಲ್, ಮೇಲಂಚಿನಿಂದ ಎಷ್ಟು ಪಿಕ್ಸೆಲ್ ಎಂದು. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಮೌಸ್ ಇಟ್ಟರೆ ಕೆಳಗಡೆ ಇವು ಕಾಣಿಸುತ್ತವೆ. ಹರಿದ ಮೂಲೆ 318, 704ರಲ್ಲಿತ್ತು. ಅದರ ಜೋಡಿ 730, 668ರಲ್ಲಿ. ಅಂದರೆ 412 ಪಿಕ್ಸೆಲ್ ಬಲಕ್ಕೆ, 36 ಪಿಕ್ಸೆಲ್ ಮೇಲಕ್ಕೆ. ಒಂದೇ ಜೋಡಿಯಿಂದ ಏನನ್ನೂ ಹೇಳಲಾಗದು. ಆದರೆ ಆ ಚೀಲದ ಪಕ್ಕದಲ್ಲಿದ್ದ ಮಸಿ ಕಲೆ 401, 752ರಿಂದ 813, 716ಕ್ಕೆ ಹೋಗಿತ್ತು. ನೆಲದ ಮೇಲಿನ ಒಂಟಿ ಕಾಯಿ 276, 811ರಿಂದ 688, 775ಕ್ಕೆ. ಲೆಕ್ಕ ಹಾಕಿ ನೋಡಿ: ಮೂರರ ಜಿಗಿತವೂ 412 ಮತ್ತು 36.

ಒಂದು ಚೀಲ ಇನ್ನೊಂದರಂತೆ ಹರಿಯುವುದು ಸಾಧ್ಯ. ಹರಿದ ಚೀಲ, ಮಸಿ ಕಲೆ, ನೆಲಕ್ಕೆ ಬಿದ್ದ ಕಾಯಿ ಮೂರೂ ಒಂದೇ ಅಂತರ ಕಾಯ್ದುಕೊಂಡು ಮರುಕಳಿಸುವುದು ನಿಸರ್ಗದಲ್ಲಿ ಆಗುವ ಮಾತಲ್ಲ. ಇನ್ನೂ ಒಂದು ಗುರುತಿತ್ತು. ಎರಡರಲ್ಲಿ ಮೇಲ್ಗಡೆ ಕಾಣುವ ಚೀಲ ಕ್ಯಾಮೆರಾದಿಂದ ಹೆಚ್ಚು ದೂರದಲ್ಲಿದ್ದರೂ ಗಾತ್ರದಲ್ಲಿ ಒಂದಿಷ್ಟೂ ಚಿಕ್ಕದಾಗಿರಲಿಲ್ಲ.

ಕಣ್ಣಾರೆ ಕಾಣಬೇಕೆಂದರೆ ಗಿಂಪ್‌ನಲ್ಲಿ ಪದರದ ನಕಲು ಮಾಡಿ. `Layer > Transform > Offset` ತೆರೆದು X ಎಂಬಲ್ಲಿ 412, Y ಎಂಬಲ್ಲಿ -36 ಕೊಡಿ. ನಂತರ ಪದರದ ಮೋಡ್ ಅನ್ನು `Difference` ಮಾಡಿ. ಎರಡು ಪದರಗಳ ನಡುವಿನ ವ್ಯತ್ಯಾಸ ಮಾತ್ರ ಪರದೆಯ ಮೇಲೆ ಉಳಿಯುತ್ತದೆ. ವ್ಯತ್ಯಾಸವಿಲ್ಲದ ಕಡೆ ಕಪ್ಪು. ಆ ಫೋಟೊದಲ್ಲಿ ಗದ್ದಲದ ಬಣ್ಣಗಳ ನಡುವೆ ಅಂಗೈ ಆಕಾರದ ಕಪ್ಪು ತೇಪೆಯೊಂದು ಮೂಡಿತು. ಅದೇ ಒತ್ತಿದ ತುಂಡಿನ ಗಡಿ. ಪೂರ್ತಿ ಕಪ್ಪಾಗದೆ ಅಲ್ಲಲ್ಲಿ ಸಣ್ಣ ಚುಕ್ಕೆಗಳು ಉಳಿದಿದ್ದವು. ಅದಕ್ಕೆ ಕಾರಣ ಜೆಪೆಗ್ ಸಂಕುಚನ. ಅದು ಫೋಟೊವನ್ನು ಎಂಟು ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಉಳಿಸುತ್ತದೆ. 412 ಎಂಟರಿಂದ ಭಾಗವಾಗದ ಸಂಖ್ಯೆಯಾದ್ದರಿಂದ ಮೂಲ ಮತ್ತು ನಕಲು ಚೌಕಗಳೊಳಗೆ ಬೇರೆ ಬೇರೆ ಕಡೆ ಕುಳಿತು, ಬೇರೆ ಬೇರೆ ರೀತಿಯಲ್ಲಿ ಸವೆದಿದ್ದವು.

ಇದನ್ನು ತಂತ್ರಾಂಶವೇ ಹುಡುಕಿಕೊಡುವುದಿಲ್ಲವೇ?

ಕೊಡುತ್ತದೆ. ಫೊರೆನ್ಸಿಕಲಿ ಎಂಬ ಉಚಿತ ಜಾಲತಾಣದ `Clone Detection` ಇದೇ ಕೆಲಸ ಮಾಡುತ್ತದೆ. ಫೋಟೊವನ್ನು ಸಣ್ಣ ತುಣುಕುಗಳಾಗಿ ನೋಡಿ, ಒಂದನ್ನೊಂದು ಹೋಲುವವನ್ನು ಹೆಕ್ಕಿ, ಗೆರೆ ಎಳೆದು ಜೋಡಿಸುತ್ತದೆ. ಜೆಸ್ಸಿಕಾ ಫ್ರಿಡ್ರಿಕ್ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದ ವಿಧಾನದ ಮೂಲ ವಿಚಾರವೂ ಇದೇ: ಹೋಲುವ ತುಣುಕುಗಳು ಎಷ್ಟು ಎಂಬುದಕ್ಕಿಂತ, ಎಷ್ಟು ಜೋಡಿಗಳ ಜಿಗಿತ ಒಂದೇ ಆಗಿದೆ ಎಂಬುದು ಮುಖ್ಯ.

ಆದರೆ ಯಂತ್ರ ತೋರಿಸಿದ ಗೆರೆಗಳನ್ನೆಲ್ಲ ನಂಬಬೇಡಿ. ಮೋಡವಿಲ್ಲದ ಆಕಾಶ, ಸುಣ್ಣದ ಗೋಡೆ, ಇಳಕಲ್ ಸೀರೆಯ ಅಂಚು, ತಗಡಿನ ಚಾವಣಿಯ ಏಣುಗಳಲ್ಲಿ ಅದು ಸುಳ್ಳು ಜೋಡಿಗಳನ್ನು ರಾಶಿ ಹಾಕುತ್ತದೆ. ಅವೆಲ್ಲ ನಿಜವಾಗಿಯೂ ಪುನರಾವರ್ತನೆಯಾಗುವ ವಸ್ತುಗಳು. ಪರಿಚಿತರೊಬ್ಬರು ತಮ್ಮ ಮಗಳ ನಿಶ್ಚಯದ ಫೋಟೊವನ್ನೇ ನಕಲಿ ಎಂದು ತಿಳಿದು ಗಾಬರಿಯಾಗಿ ತಂದಿದ್ದರು. ಗೆರೆಗಳೆಲ್ಲ ಬಿದ್ದಿದ್ದು ಸೀರೆಯ ಅಂಚಿನ ಮೇಲೆ. ಇದಕ್ಕೆ ತದ್ವಿರುದ್ಧವಾಗಿ, ತಿದ್ದಿದವನು ತುಂಡನ್ನು ತಿರುಗಿಸಿದ್ದರೆ ಅಥವಾ ಕುಗ್ಗಿಸಿದ್ದರೆ ಇಂಥ ಸರಳ ವಿಧಾನಕ್ಕೆ ಸಿಗದೆ ತಪ್ಪಿಸಿಕೊಳ್ಳಬಹುದು. ಆಗ ಮತ್ತೆ ಕಣ್ಣು ಮತ್ತು ಹರಿದ ಮೂಲೆಯೇ ಗತಿ.

ದೊಡ್ಡ ಸುದ್ದಿ ಸಂಸ್ಥೆಗಳೂ ಇದರಲ್ಲಿ ಮೋಸ ಹೋಗಿವೆಯೇ?

ಹೋಗಿವೆ. 2006ರ ಆಗಸ್ಟ್‌ನಲ್ಲಿ ರಾಯಿಟರ್ಸ್ ಬೈರೂತ್‌ನ ಬಾಂಬ್ ದಾಳಿಯ ಫೋಟೊವೊಂದನ್ನು ಹಿಂತೆಗೆದುಕೊಂಡಿತು. ಹೊಗೆಯನ್ನು ದಟ್ಟವಾಗಿಸಲು ಅದೇ ಸುರುಳಿಗಳನ್ನು ಮತ್ತೆ ಮತ್ತೆ ಒತ್ತಲಾಗಿತ್ತು. 2008ರ ಜುಲೈನಲ್ಲಿ ಇರಾನಿನಿಂದ ನಾಲ್ಕು ಕ್ಷಿಪಣಿಗಳು ಹಾರುವ ಫೋಟೊ ಬಂದಿತು, ಹಲವು ಪತ್ರಿಕೆಗಳ ಮುಖಪುಟಕ್ಕೂ ಏರಿತು. ಒಂದು ಕ್ಷಿಪಣಿಯ ಹೊಗೆ ಮತ್ತು ದೂಳಿನ ಆಕಾರಗಳು ಪಕ್ಕದವುಗಳಿಂದ ಎತ್ತಿದಂತಿದ್ದವು. ಬಳಿಕ ಮೂರೇ ಕ್ಷಿಪಣಿಗಳಿದ್ದ ಫೋಟೊ ಹೊರಬಂದಿತು. ಹೊಗೆ, ದೂಳು, ಜನಜಂಗುಳಿ, ಎಲೆಗಳ ರಾಶಿ ಇವೆಲ್ಲ ತಿದ್ದುವವನಿಗೆ ಪ್ರಿಯವಾದ ಸಾಮಗ್ರಿ. ನೋಡುವವನು ಅವನ್ನು ಎಣಿಸುತ್ತ ಕೂರುವುದಿಲ್ಲವಲ್ಲ.

ಬೆಳಕು ಹೊಂದುತ್ತಿಲ್ಲ ಎಂದು ಹೇಳುವುದು ಹೇಗೆ?

ಎಲ್ಲರೂ ಮಾಡುವ ತಪ್ಪೆಂದರೆ ನೆಲದ ಮೇಲೆ ನೆರಳುಗಳು ಯಾವ ದಿಕ್ಕಿಗೆ ಬಿದ್ದಿವೆ ಎಂದಷ್ಟೇ ನೋಡುವುದು. ಅದು ನಂಬಿಕೆಗೆ ಅರ್ಹವಲ್ಲ. ನೆಲ ತುಸು ಇಳಿಜಾರಾದರೂ ನೆರಳು ಬಾಗುತ್ತದೆ. ಅಸಲಿ ಫೋಟೊದಲ್ಲಿಯೂ ಪಕ್ಕಪಕ್ಕದ ಎರಡು ಕಂಬಗಳ ನೆರಳು ಬೇರೆ ಬೇರೆ ಕೋನದಲ್ಲಿ ಕಾಣಬಹುದು.

ನೆಲದ ಏರಿಳಿತಕ್ಕೆ ಬಗ್ಗದ ವಿಧಾನವೊಂದಿದೆ. ನೆರಳಿನ ಮೇಲಿನ ಒಂದು ಬಿಂದು, ಆ ನೆರಳನ್ನು ಬೀಳಿಸಿದ ವಸ್ತುವಿನ ಬಿಂದು, ಮತ್ತು ಬೆಳಕಿನ ಮೂಲ, ಈ ಮೂರೂ ಒಂದೇ ಸರಳ ರೇಖೆಯಲ್ಲಿರಲೇಬೇಕು. ಬೆಳಕು ನೇರವಾಗಿ ಸಾಗುವುದೇ ಅದಕ್ಕೆ ಕಾರಣ. ಕ್ಯಾಮೆರಾ ಆ ದೃಶ್ಯವನ್ನು ಚಪ್ಪಟೆಯಾಗಿಸಿದಾಗಲೂ ಸರಳ ರೇಖೆ ಸರಳ ರೇಖೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಕಂಬದ ತುದಿಯ ನೆರಳಿನಿಂದ ಕಂಬದ ತುದಿಗೆ, ಟೊಪ್ಪಿಗೆಯ ಅಂಚಿನ ನೆರಳಿನಿಂದ ಟೊಪ್ಪಿಗೆಯ ಅಂಚಿಗೆ ಗೆರೆ ಎಳೆದು ಮುಂದಕ್ಕೆ ಬೆಳೆಸುತ್ತ ಹೋದರೆ, ಒಂದೇ ಸೂರ್ಯನ ಕೆಳಗೆ ತೆಗೆದ ಫೋಟೊದಲ್ಲಿ ಎಲ್ಲ ಗೆರೆಗಳೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಆ ಬಿಂದು ಸಾಮಾನ್ಯವಾಗಿ ಫೋಟೊದ ಹೊರಗಿರುತ್ತದೆ, ಅದಕ್ಕಾಗಿ ಸುತ್ತ ಖಾಲಿ ಜಾಗವಿರುವ ದೊಡ್ಡ ಹಾಳೆಯ ಮೇಲೆ ಫೋಟೊವನ್ನು ಇಟ್ಟುಕೊಳ್ಳಬೇಕು. ಸೂರ್ಯ ಕ್ಯಾಮೆರಾದ ಬೆನ್ನಿಗಿದ್ದರೆ ಗೆರೆಗಳು ಕೆಳಗಡೆ, ಇನ್ನೊಂದು ತುದಿಯ ಕಡೆಗೆ ಕೂಡುತ್ತವೆ. ಸರಿಯಾಗಿ ಮಗ್ಗುಲಲ್ಲಿದ್ದರೆ ಸಮಾನಾಂತರವಾಗಿ ಓಡುತ್ತವೆ.

ಕಾಕಾ ಕಳುಹಿಸಿದ ಫೋಟೊದಲ್ಲಿ ಮೂರು ಒಳ್ಳೆಯ ಬಿಂದುಗಳು ಸಿಕ್ಕವು: ಒಬ್ಬ ಹಮಾಲರು ಹೊತ್ತ ಚೀಲದ ಮೂಲೆ, ತೂಕದ ಯಂತ್ರದ ಕಂಬದ ತುದಿ, ಶೆಡ್ಡಿನ ಚಾವಣಿಯ ಒಂದು ಚೂಪಾದ ತುದಿ. ಮೂರು ಗೆರೆಗಳೂ ಎಡ ಅಂಚಿನಿಂದ ಸುಮಾರು 250 ಪಿಕ್ಸೆಲ್ ಹೊರಗೆ, ಮೇಲಂಚಿನಿಂದ ಸುಮಾರು 400 ಪಿಕ್ಸೆಲ್ ಮೇಲೆ ಕೂಡಿದವು. ನಂತರ ಲಾರಿಯ ಕನ್ನಡಿಯಿಂದ ಒಂದು, ಹಿಂಬದಿಯ ಮೇಲಿನ ಮೂಲೆಯಿಂದ ಇನ್ನೊಂದು ಗೆರೆ ಎಳೆದೆ. ಅವು ಆ ಬಿಂದುವಿನ ಹತ್ತಿರವೂ ಸುಳಿಯಲಿಲ್ಲ. ಎರಡೂ ತಮ್ಮಷ್ಟಕ್ಕೆ ಬೇರೆ ಕಡೆ, ಎಡ ಅಂಚಿನಿಂದ ಸುಮಾರು 500 ಪಿಕ್ಸೆಲ್ ಒಳಗೆ, ಮೇಲಂಚಿನಿಂದ 900 ಪಿಕ್ಸೆಲ್ ಮೇಲೆ ಕೂಡಿದವು. ಅಂದರೆ ಲಾರಿಗೆ ಬಿದ್ದ ಬಿಸಿಲು ಬೇರೆ ಹೊತ್ತಿನದು, ಸೂರ್ಯ ಇನ್ನಷ್ಟು ಮೇಲೇರಿದ್ದಾಗಿನದು. ನೆರಳಿನ ಸಮೇತ ಎತ್ತಿ ತಂದ ಲಾರಿ ಅದು. ನೆನಪಿಡಬೇಕಾದದ್ದು ಏನೆಂದರೆ, ಲಾರಿಯ ನೆರಳೂ ಉಳಿದವುಗಳಂತೆ ಬಲಕ್ಕೇ, ಮುಂದಕ್ಕೇ ಬಿದ್ದಿತ್ತು. ಬರಿಗಣ್ಣಿಗೆ ಯಾವ ದೋಷವೂ ಕಂಡಿರಲಿಲ್ಲ.

ಗೆರೆಗಳು ಕರಾರುವಾಕ್ಕಾಗಿ ಒಂದೇ ಬಿಂದುವಿನಲ್ಲಿ ಕೂಡದಿದ್ದರೆ ನಕಲಿಯೇ?

ಅಲ್ಲ. ಬಿಂದು ಗುರುತಿಸುವಾಗ ಮೂರು ನಾಲ್ಕು ಪಿಕ್ಸೆಲ್ ತಪ್ಪುವುದು ಸಹಜ. ಗೆರೆಯನ್ನು ದೂರಕ್ಕೆ ಬೆಳೆಸಿದಂತೆ ಆ ತಪ್ಪೂ ಬೆಳೆಯುತ್ತದೆ. ವಸ್ತುವಿಗೂ ಅದರ ನೆರಳಿಗೂ ಅಂತರ ಹೆಚ್ಚಿದ್ದಷ್ಟು ಗೆರೆ ನಂಬಿಕಸ್ತವಾಗುತ್ತದೆ, ಮೊಣಕಾಲಿನ ಗೆರೆಗಿಂತ ತಲೆಯ ಮೇಲಿನ ಚೀಲದ ಗೆರೆ ಮೇಲು. ನೆರಳಿನ ಅಂಚು ಮಸುಕಾಗಿ, ಯಾವ ಬಿಂದುವಿಗೆ ಯಾವುದು ಎಂದು ಖಚಿತವಾಗದಿದ್ದರೆ ಒಂದೇ ಗೆರೆಯ ಹಟ ಬೇಡ. ಇಲ್ಲಿಂದ ಇಲ್ಲಿಯವರೆಗೆ ಇರಬಹುದು ಎಂದು ಎರಡು ಗೆರೆಗಳ ನಡುವಿನ ಬೆಣೆಯಾಕಾರವನ್ನು ಬಿಡಿಸಿ. ಎಲ್ಲ ಬೆಣೆಗಳಿಗೂ ಸಾಮಾನ್ಯವಾದ ಜಾಗವೊಂದು ಉಳಿದರೆ ಆಕ್ಷೇಪವಿಲ್ಲ. ಎರಿಕ್ ಕೀ, ಜೇಮ್ಸ್ ಓಬ್ರಿಯನ್ ಮತ್ತು ಫರೀದ್ 2013ರಲ್ಲಿ ಪ್ರಕಟಿಸಿದ ವಿಧಾನ ಇದನ್ನೇ ಗಣಿತವಾಗಿಸಿದೆ.

ಮೊಬೈಲಿನ ಅತಿ ಅಗಲ ಲೆನ್ಸ್‌ನಿಂದ ತೆಗೆದಿದ್ದರೆ ಅಂಚಿನಲ್ಲಿ ಸರಳ ರೇಖೆಗಳೇ ಬಾಗಿರಬಹುದು. ಕಟ್ಟಡದ ಕಂಬ ಬಾಗಿ ಕಂಡರೆ ಅಂಚಿನ ಬಿಂದುಗಳನ್ನು ಬಿಡಿ. ಪನೋರಮಾ ಫೋಟೊಕ್ಕೆ ಈ ವಿಧಾನ ಹೊಂದುವುದೇ ಇಲ್ಲ. ಅದರಲ್ಲಿ ನಡೆದಾಡುವ ಮನುಷ್ಯನೊಬ್ಬ ತಿದ್ದುಪಡಿ ಇಲ್ಲದೆಯೂ ಎರಡು ಸಲ ಬರಬಹುದು.

ಮದುವೆ ಮಂಟಪ, ಮನೆಯೊಳಗಿನ ಫೋಟೊಗಳಿಗೆ ಇದು ನಡೆಯುತ್ತದೆಯೇ?

ಕಷ್ಟ. ಟ್ಯೂಬ್‌ಲೈಟ್, ಕಿಟಕಿ, ಫ್ಲ್ಯಾಶ್, ವೇದಿಕೆಯ ದೀಪಗಳು ಎಲ್ಲವೂ ಸೇರಿ ಒಬ್ಬರಿಗೆ ನಾಲ್ಕು ನೆರಳು ಬೀಳುತ್ತವೆ. ಆಗ ಗೆರೆಗಳು ನಾಲ್ಕು ಬಿಂದುಗಳಲ್ಲಿ ಕೂಡುವುದೇ ಸರಿ. ಮೋಡ ಕವಿದ ದಿನವಂತೂ ಸ್ಪಷ್ಟ ನೆರಳೇ ಇರುವುದಿಲ್ಲ. ಅಂಥ ಫೋಟೊಗಳಲ್ಲಿ ನಾನು ಬೆಳಕಿನ ಬಗ್ಗೆ ಅಭಿಪ್ರಾಯ ಹೇಳುವುದಿಲ್ಲ.

ನೆರಳಿನಿಂದ ದಿನ, ಹೊತ್ತು ತಿಳಿಯಬಹುದೇ?

ಸ್ಥೂಲವಾಗಿ ತಿಳಿಯಬಹುದು, ನಮ್ಮ ಅಕ್ಷಾಂಶದಲ್ಲಿ ಅದು ಸ್ವಾರಸ್ಯಕರವೂ ಹೌದು. ಹುಬ್ಬಳ್ಳಿ 15 ಡಿಗ್ರಿ ಉತ್ತರದಿಂದ ತುಸು ಮೇಲಿದೆ. ಮೇ ತಿಂಗಳ ಆರಂಭದಲ್ಲಿ ಒಂದು ದಿನ, ಆಗಸ್ಟ್ ಎರಡನೆಯ ವಾರದ ಆಸುಪಾಸಿನಲ್ಲಿ ಇನ್ನೊಂದು ದಿನ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ವರ್ಷದ ಉಳಿದ ದಿನಗಳಲ್ಲಿ ಉತ್ತರಕ್ಕೆ. ಫೆಬ್ರುವರಿ ಮಧ್ಯದಲ್ಲಿ ಮಧ್ಯಾಹ್ನದ ನೆರಳು ವಸ್ತುವಿನ ಎತ್ತರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸ್ಥಳ ಗೊತ್ತಿದ್ದು, ರಸ್ತೆಯ ದಿಕ್ಕು ತಿಳಿದಿದ್ದರೆ "ಇದು ಜೂನ್ ಮಧ್ಯಾಹ್ನದ ಫೋಟೊ" ಎಂಬ ಮಾತನ್ನು ಹೀಗೆ ಪರೀಕ್ಷಿಸಬಹುದು.

ಇಎಲ್‌ಎ ಎಂಬ ಪರೀಕ್ಷೆಯಲ್ಲಿ ಹೊಳೆದ ಭಾಗವೇ ತಿದ್ದಿದ ಭಾಗ ಎನ್ನುತ್ತಾರಲ್ಲ?

ಹಾಗಲ್ಲ, ಮತ್ತು ಇದರಿಂದ ನಿರಪರಾಧಿಗಳ ಮೇಲೆ ಆರೋಪ ಬಂದೀತು ಎಂಬ ಭಯ ನನಗಿದೆ. ಫೋಟೊವನ್ನು ಮತ್ತೊಮ್ಮೆ ಸಂಕುಚಿಸಿ, ಎಲ್ಲಿ ಎಷ್ಟು ಬದಲಾಯಿತು ಎಂದು ಅದು ತೋರಿಸುತ್ತದೆ. ಚೂಪಾದ ಅಂಚುಗಳು, ಅಕ್ಷರಗಳು, ಗಾಢ ಬಣ್ಣಗಳು ತಿದ್ದದಿದ್ದರೂ ಹೊಳೆಯುತ್ತವೆ. ಬ್ಯಾಡಗಿಯ ಕೆಂಪು ಕಾಯಿಯ ರಾಶಿ ಹೊಳೆಯದೆ ಇನ್ನೇನು? ಹತ್ತು ಗುಂಪು ಸುತ್ತಿ ಬಂದ ಪ್ರತಿಯಲ್ಲಿ ನಿಜವಾದ ತಿದ್ದುಪಡಿಯ ಗುರುತು ಅಳಿಸಿಹೋಗಿರುವುದೇ ಹೆಚ್ಚು. ನಾನು ಅದನ್ನು ಬಳಸುವುದನ್ನು ಬಿಟ್ಟಿದ್ದೇನೆ.

ವಸ್ತುವನ್ನು ಸೇರಿಸದೆ, ಅಳಿಸಿದ್ದರೆ?

ಈಗಿನ ಮೊಬೈಲ್‌ಗಳು ಬೆರಳಾಡಿಸಿದರೆ ಮನುಷ್ಯನನ್ನೇ ಅಳಿಸಿ, ಖಾಲಿಯಾದ ಜಾಗವನ್ನು ಹೊಸದಾಗಿ ಹೆಣೆದು ತುಂಬುತ್ತವೆ. ಪಕ್ಕದ ತುಂಡನ್ನು ಯಥಾವತ್ತಾಗಿ ಎತ್ತದ ಕಾರಣ ಜೋಡಿ ಹುಡುಕುವ ವಿಧಾನ ಅಲ್ಲಿ ಸೋಲುತ್ತದೆ. ಅಳಿಸಿದ ವಸ್ತುವಿಗೆ ಅಂಟಿಕೊಂಡಿದ್ದವುಗಳನ್ನು ಹುಡುಕಿ: ಯಜಮಾನನಿಲ್ಲದ ನೆರಳು, ನೀರಿನಲ್ಲಿ ಅಥವಾ ಗಾಜಿನಲ್ಲಿ ಉಳಿದ ಪ್ರತಿಬಿಂಬ, ಗಾಳಿಯಲ್ಲಿ ಥಟ್ಟನೆ ನಿಂತುಹೋದ ಹಗ್ಗ, ಹೆಗಲ ಮೇಲೆ ಉಳಿದ ಯಾರದೋ ಬೆರಳು.

ಇದನ್ನು ಪೊಲೀಸರಿಗೆ ಕೊಡಬೇಕಾದರೆ?

ನಿಮಗೆ ಬಂದ ಕಡತವನ್ನು ತಿದ್ದದೆ, ಹೆಸರನ್ನೂ ಬದಲಿಸದೆ ಬೇರೆಡೆ ಇಟ್ಟು, ಪರೀಕ್ಷೆಗಳನ್ನೆಲ್ಲ ಅದರ ನಕಲಿನ ಮೇಲೆ ಮಾಡಿ. ಚಾಟ್ ಅನ್ನು ಅಳಿಸಬೇಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಕಡತದ ಬೆರಳಚ್ಚನ್ನು ಹೀಗೆ ಪಡೆದು ಬರೆದಿಟ್ಟುಕೊಳ್ಳಿ:

```
certutil -hashfile photo.jpg SHA256
```

ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಕೊಡುವ ಪ್ರಮಾಣಪತ್ರದಲ್ಲಿಯೂ ಇಂಥ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ದೂರನ್ನು `cybercrime.gov.in` ತಾಣದಲ್ಲಿ ದಾಖಲಿಸಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಫೋಟೊ ತಿದ್ದಿದ್ದು ಎಂದಾದರೆ, ಅದು ಹೇಳಿದ ಸುದ್ದಿಯೂ ಸುಳ್ಳೇ?

ಅದು ಬೇರೆಯೇ ಪ್ರಶ್ನೆ, ಎರಡನ್ನೂ ಬೆರೆಸಬಾರದು. ಆ ರಾತ್ರಿ ನಾನು ಕಾಕಾಗೆ ಹೇಳಿದ್ದು ಇಷ್ಟೇ: "ಎಡದ ಚೀಲಗಳ ಒಂದು ಭಾಗವನ್ನು ಎತ್ತಿ ಮಧ್ಯದಲ್ಲಿ ಒತ್ತಿದ್ದಾರೆ. ಲಾರಿ ಬೇರೆ ಫೋಟೊದ್ದು. ನಾಳೆ ಎಷ್ಟು ಚೀಲ ಬರುತ್ತದೆ, ದರ ಏನಾಗುತ್ತದೆ ಎಂಬುದನ್ನು ಈ ಫೋಟೊದಿಂದ ಹೇಳಲಾಗದು." ಎರಡು ಗುರುತುಗಳು ಒಂದರ ಮೇಲೊಂದು ಅವಲಂಬಿಸದೆ ಸಿಕ್ಕಿದ್ದರಿಂದ ಅಷ್ಟನ್ನು ಧೈರ್ಯವಾಗಿ ಹೇಳಿದೆ. ಒಂದೇ ಸಿಕ್ಕಿದ್ದರೆ "ಶಂಕೆ ಇದೆ" ಎಂದು ನಿಲ್ಲಿಸುತ್ತಿದ್ದೆ.

ಬೆಳಿಗ್ಗೆ ಕಾಕಾ ತಾವು ಪ್ರತಿವರ್ಷ ಮಾಲು ಇಳಿಸುವ ದಲ್ಲಾಳಿ ಅಂಗಡಿಗೆ ಫೋನ್ ಮಾಡಿ ಕೇಳಿದರು. ಆವಕ ಹಿಂದಿನ ವಾರಕ್ಕಿಂತ ನಿಜವಾಗಿಯೂ ಹೆಚ್ಚಿತ್ತು, ಆದರೆ ಒಣಗಿದ ಒಳ್ಳೆಯ ಕಾಯಿಗೆ ದರ ಇಳಿದಿರಲಿಲ್ಲ. ಹೊಲಕ್ಕೆ ಬಂದ ವ್ಯಾಪಾರಿಗೆ ಇಲ್ಲ ಎಂದರು. ಚೀಲಗಳನ್ನು ಇನ್ನೆರಡು ದಿನ ಬಿಸಿಲಿಗೆ ಒಣಗಿಸಿ, ಬಾಡಿಗೆ ಗಾಡಿಯಲ್ಲಿ ತಾವೇ ಬ್ಯಾಡಗಿಗೆ ಒಯ್ದರು.